ಉದುರಿದ ಬಾಲ್ಕನಿಗೆ ತೇಪೆ ಹಾಕುವ ಮುನ್ನ

ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ಬಾಲ್ಕನಿಯ ತಳದಿಂದ ಕಾಂಕ್ರೀಟ್ ಚಕ್ಕೆ ಉದುರಿ, ಕೆಂಪಗೆ ತುಕ್ಕು ಹಿಡಿದ ಕಂಬಿ ಹಲ್ಲು ಕಿರಿಯುವುದು ಹೊಸತಲ್ಲ. ಮೇಸ್ತ್ರಿ ಬಂದು ಸಿಮೆಂಟು ಮೆತ್ತಿ, ಬಣ್ಣ ಬಳಿದು ಹೋಗುತ್ತಾನೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತೇಪೆಯೇ ಕಳಚಿ ಬೀಳುತ್ತದೆ.

ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಹೀಗಾಗಿ ಕಂಬಿಯ ಹಿಂದೆ ಉಪ್ಪು ಸೇರಿದ ಕಾಂಕ್ರೀಟ್ ಉಳಿದರೆ ಮೇಲೆ ಎಷ್ಟೇ ದುಬಾರಿ ಗಾರೆ ಹಾಕಿದರೂ ವ್ಯರ್ಥ. ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬರುವಲ್ಲೆಲ್ಲ ಒಡೆಯಬೇಕು. ಕಂಬಿಯ ಹಿಂದೆ ಬೆರಳು ತೂರುವಷ್ಟು, ಸುಮಾರು 20 ಮಿ.ಮೀ. ಜಾಗ ಬಿಡಿಸಬೇಕು. ತೇಪೆಯ ಅಂಚನ್ನು ಕಟರ್‌ನಿಂದ ನೇರವಾಗಿ ಕತ್ತರಿಸಬೇಕು, ಇಳಿಜಾರಾಗಿ ತೆಳುವಾದ ಅಂಚು ಮೊದಲು ಏಳುತ್ತದೆ. ಕಂಬಿ ತೀರಾ ಸವೆದಿದ್ದರೆ ಎಂಜಿನಿಯರನ್ನು ಕರೆಯದೆ ಮುಂದುವರಿಯಬಾರದು. ಗೋಡೆಯಿಂದ ಚಾಚಿದ ಬಾಲ್ಕನಿಯ ಮುಖ್ಯ ಕಂಬಿ ಇರುವುದು ಸ್ಲ್ಯಾಬಿನ ಮೇಲ್ಭಾಗದಲ್ಲಿ. ಒಡೆಯುವ ಮೊದಲೇ ಕೆಳಗೆ ಆಸರೆ ಕೊಡಬೇಕು.

ಹೆಚ್ಚಿನವರು ಎಡವುವುದು ಅಂಟಿನಲ್ಲಿ. ಪಾಲಿಮರ್ ಬೆರೆಸಿದ ಸಿಮೆಂಟು ಸ್ಲರಿಗೆ ಕಾಂಕ್ರೀಟ್ ಒಳಗೆ ನೀರುಂಡು, ಮೇಲೆ ನೀರು ನಿಲ್ಲದಂತಿರಬೇಕು. ಸಾಮಾನ್ಯ ಎಪಾಕ್ಸಿಗೆ ಒಣ ಮೈ ಬೇಕು. ಯಾವುದೇ ಆಗಲಿ, ಅಂಟಂಟಾಗಿರುವಾಗಲೇ ಗಾರೆ ಒತ್ತಬೇಕು. ಬೆಳಿಗ್ಗೆ ಬಳಿದು ಊಟ ಮುಗಿಸಿ ಬಂದರೆ, ಒಣಗಿದ ಆ ಪದರವೇ ಗಾರೆಯನ್ನು ಬೇರ್ಪಡಿಸುತ್ತದೆ.

ರಿಪೇರಿ ಗಾರೆಯನ್ನು ತಳಕ್ಕೆ ತೆಳು ಪದರಗಳಲ್ಲಿ, ಕಂಬಿಯ ಹಿಂದೆ ಪೊಳ್ಳು ಉಳಿಯದಂತೆ ಒತ್ತಿ ತುಂಬುತ್ತಾರೆ. ಕ್ಯೂರಿಂಗ್‌ಗೆ ತಳದಲ್ಲಿ ನೀರು ನಿಲ್ಲದು. ಒದ್ದೆ ಗೋಣಿಯನ್ನು ಹಲಗೆಯಿಂದ ಒತ್ತಿಹಿಡಿದು ಪ್ಲಾಸ್ಟಿಕ್ ಹೊದಿಸಬೇಕು. ಎಷ್ಟು ದಿನವೆಂಬುದನ್ನು ಚೀಲದ ಮೇಲಿನ ಸೂಚನೆಯೇ ಹೇಳುತ್ತದೆ. ಗಟ್ಟಿಯಾದ ಮೇಲೆ ಮತ್ತೊಮ್ಮೆ ಸುತ್ತಿಗೆ ತಟ್ಟಿ ನೋಡಿ, ಟೊಳ್ಳು ಕೇಳಿಸಿದ ಭಾಗವನ್ನು ಬಿಲ್ ಪಾವತಿಗೆ ಮುಂಚೆಯೇ ತೆಗೆಸಬೇಕು.