ಮೂವತ್ತೆರಡು ಬಿಟ್‌ಗಳಲ್ಲಿ ಒಂದು ಆದೇಶ

ಒಂದರಿಂದ ಐದರವರೆಗಿನ ಸಂಖ್ಯೆಗಳನ್ನು ಕೂಡಿಸಬೇಕು. ಮಿಪ್ಸ್ ಪ್ರೊಸೆಸರಿಗೆ ಈ ಕೆಲಸವನ್ನು ಅಸೆಂಬ್ಲಿ ಭಾಷೆಯಲ್ಲಿ ಹೇಳಿದರೆ ಹೀಗಿರುತ್ತದೆ:

```
0x00400000  loop: add  $t0, $t0, $t1
0x00400004        addi $t1, $t1, -1
0x00400008        bne  $t1, $zero, loop
0x0040000C        nop
0x00400010        j    done
0x00400014        nop
```

`$t0`, `$t1` ಎಂಬುವು ರಿಜಿಸ್ಟರುಗಳು. ಲೆಕ್ಕ ಮಾಡುವಾಗ ಸಂಖ್ಯೆಗಳನ್ನು ಇಟ್ಟುಕೊಳ್ಳಲು ಪ್ರೊಸೆಸರಿನೊಳಗೇ ಇರುವ ಪುಟ್ಟ ಜಾಗಗಳು. ಆರಂಭದಲ್ಲಿ `$t0`ದಲ್ಲಿ ಸೊನ್ನೆ, `$t1`ರಲ್ಲಿ ಐದು ಇದೆ ಎಂದುಕೊಳ್ಳಿ. ಮೊದಲ ಸಾಲು `$t1`ರಲ್ಲಿರುವುದನ್ನು `$t0`ಗೆ ಕೂಡಿಸುತ್ತದೆ, ಎರಡನೆಯದು `$t1`ರಿಂದ ಒಂದು ಕಳೆಯುತ್ತದೆ, ಮೂರನೆಯದು `$t1` ಇನ್ನೂ ಸೊನ್ನೆಯಾಗಿಲ್ಲವಾದರೆ ಮತ್ತೆ ಮೇಲಕ್ಕೆ ಕಳಿಸುತ್ತದೆ. ಕೊನೆಗೆ `$t0`ದಲ್ಲಿ 15 ಉಳಿಯುತ್ತದೆ. ಎಡಗಡೆ ಇರುವುದು ಮೆಮೊರಿಯಲ್ಲಿ ಆ ಸಾಲಿನ ವಿಳಾಸ. `nop` ಎಂದರೆ ಏನೂ ಮಾಡದ ಆದೇಶ. ಹಳೆಯ ಮಿಪ್ಸ್‌ನಲ್ಲಿ ನೆಗೆತದ ಆದೇಶದ ಬೆನ್ನಿಗಿರುವ ಸಾಲು, ನೆಗೆದರೂ ನೆಗೆಯದಿದ್ದರೂ ಒಮ್ಮೆ ನಡೆದೇ ತೀರುತ್ತದೆ. ಹಾಗಾಗಿ ಅಲ್ಲಿ ತೊಂದರೆ ಕೊಡದ ಒಂದು ಸಾಲನ್ನು ಕೂರಿಸಿದೆ.

ಆದರೆ ಪ್ರೊಸೆಸರಿಗೆ ಈ ಅಕ್ಷರಗಳಾವುವೂ ಗೊತ್ತಿಲ್ಲ. ಅದು ಮೆಮೊರಿಯಿಂದ ಒಂದು ಸಲಕ್ಕೆ 32 ಬಿಟ್‌ಗಳನ್ನು ಎತ್ತಿಕೊಳ್ಳುತ್ತದೆ. ಏನು ಮಾಡಬೇಕು, ಯಾವ ರಿಜಿಸ್ಟರುಗಳೊಂದಿಗೆ ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಆ 32 ಬಿಟ್‌ಗಳಲ್ಲೇ ಅಡಗಿರಬೇಕು. ಸಣ್ಣ ಆದೇಶವೆಂದು ಕಡಿಮೆ ಬಿಟ್ ಇಲ್ಲ, ದೊಡ್ಡದೆಂದು ಹೆಚ್ಚು ಬಿಟ್ ಇಲ್ಲ. ಈ ಕಟ್ಟುನಿಟ್ಟು 1981ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಹೆನ್ನೆಸಿ ಮತ್ತು ಅವರ ವಿದ್ಯಾರ್ಥಿಗಳು ಮಿಪ್ಸ್ ಕೆಲಸ ಶುರುಮಾಡಿದಾಗ ಬೇಕೆಂದೇ ಆರಿಸಿಕೊಂಡ ದಾರಿಯ ಭಾಗ. ಮುಂದೆ ಇದೇ ವಿನ್ಯಾಸದ ಪ್ರೊಸೆಸರುಗಳು ಸೋನಿಯ ಮೊದಲ ಪ್ಲೇಸ್ಟೇಷನ್ನಿಗೂ ನಿಂಟೆಂಡೊ 64ಕ್ಕೂ ಹೋದವು.

ಮಿಪ್ಸ್‌ನಲ್ಲಿ 32 ರಿಜಿಸ್ಟರುಗಳಿವೆ. ಸೊನ್ನೆಯಿಂದ 31ರವರೆಗೆ ಎಣಿಸಲು ಐದು ಬಿಟ್ ಸಾಕು. ಇದು ನೆನಪಿದ್ದರೆ ಮುಂದಿನ ಲೆಕ್ಕ ತಾನಾಗಿ ಬರುತ್ತದೆ. `add` ಆದೇಶಕ್ಕೆ ಮೂರು ರಿಜಿಸ್ಟರುಗಳು ಬೇಕು: ಕೂಡಿಸುವ ಎರಡು, ಮೊತ್ತ ಇಡುವ ಒಂದು. ಅಲ್ಲಿಗೆ 15 ಬಿಟ್ ಹೋದವು. ಕೆಲಸದ ಹೆಸರಿಗೆ, ಅಂದರೆ ಆಪ್‌ಕೋಡಿಗೆ, ಎಡತುದಿಯ ಆರು ಬಿಟ್‌ಗಳು ಮೀಸಲು. ಉಳಿದ ಹನ್ನೊಂದರಲ್ಲಿ ಐದು, ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವ ಆದೇಶಗಳಿಗೆ ಎಷ್ಟು ಸರಿಸಬೇಕೆಂದು ಹೇಳುತ್ತವೆ. ಕೊನೆಯ ಆರು ಬಿಟ್‌ಗಳು ಕೆಲಸದ ಉಪಹೆಸರು. ಇದೇ ರಿಜಿಸ್ಟರ್ ಮಾದರಿ, ಚಿಕ್ಕದಾಗಿ ಆರ್ ಮಾದರಿ:

```
op(6)  rs(5) rt(5) rd(5) shamt(5) funct(6)
```

ಉಪಹೆಸರು ಏಕೆ? ಆರು ಬಿಟ್‌ಗಳ ಆಪ್‌ಕೋಡಿನಲ್ಲಿ 64 ಹೆಸರುಗಳಷ್ಟೇ ಹಿಡಿಯುತ್ತವೆ. ಆದ್ದರಿಂದ ಕೂಡು, ಕಳೆ, ಹೋಲಿಸು, ಸರಿಸು ಎಂಬ ರಿಜಿಸ್ಟರ್ ಕೆಲಸಗಳೆಲ್ಲ ಸೊನ್ನೆ ಎಂಬ ಒಂದೇ ಆಪ್‌ಕೋಡನ್ನು ಹಂಚಿಕೊಂಡವು. ಯಾವುದು ಯಾವುದೆಂದು ಬಲತುದಿಯ ಆರು ಬಿಟ್‌ಗಳು ಬಿಡಿಸಿ ಹೇಳುತ್ತವೆ. `add`ಗೆ ಅಲ್ಲಿ 32, `sub`ಗೆ 34.

ಈಗ ನಮ್ಮ ಮೊದಲ ಸಾಲನ್ನು ಕಟ್ಟೋಣ. `$t0` ಎಂದರೆ 8ನೇ ರಿಜಿಸ್ಟರ್, `$t1` ಎಂದರೆ 9ನೆಯದು. ಇಲ್ಲೊಂದು ಜಾಗ್ರತೆ ಬೇಕು. ನಾವು ಬರೆಯುವಾಗ ಉತ್ತರ ಇಡುವ ರಿಜಿಸ್ಟರ್ ಮೊದಲು ಬರುತ್ತದೆ. ಪದದೊಳಗೆ ಅದರ ಖಾನೆ, ಅಂದರೆ rd, ಮೂರನೆಯದು. ಹಾಗಾಗಿ rs ಖಾನೆಗೆ 8, rt ಖಾನೆಗೆ 9, rd ಖಾನೆಗೆ 8:

```
000000 01000 01001 01000 00000 100000
= 0x01094020
```

ಈ ಕ್ರಮ ಮರೆತು, ಬರೆದ ಸಾಲಿನಂತೆಯೇ 8, 8, 9 ಎಂದು ತುಂಬಿದರೆ ಏನಾಗುತ್ತದೆ ನೋಡಿ. ಆದೇಶದ ಅರ್ಥವೇ ತಿರುಗಿ, `$t0`ದಲ್ಲಿರುವುದನ್ನು ಅದಕ್ಕೇ ಕೂಡಿಸಿ `$t1`ರಲ್ಲಿ ಇಡು ಎಂದಾಗುತ್ತದೆ. `$t0`ದಲ್ಲಿ ಇರುವುದು ಸೊನ್ನೆ, ಆದ್ದರಿಂದ `$t1` ಕೂಡ ಸೊನ್ನೆ. ಮುಂದಿನ ಸಾಲು ಅದನ್ನು ಮೈನಸ್ ಒಂದು ಮಾಡುತ್ತದೆ. ಅದು ಸೊನ್ನೆಯಲ್ಲ, ಹಾಗಾಗಿ ಮತ್ತೆ ಮೇಲಕ್ಕೆ. ಅಲ್ಲಿ ಪುನಃ ಸೊನ್ನೆ, ಪುನಃ ಮೈನಸ್ ಒಂದು. ಪ್ರೋಗ್ರಾಂ ಮುಗಿಯುವುದೇ ಇಲ್ಲ. ಕೈಯಿಂದ ಕಟ್ಟಿದ ಲೂಪ್ ಹೀಗೆ ತಿರುಗುತ್ತಲೇ ನಿಂತರೆ ಮೊದಲು ನೋಡಬೇಕಾದದ್ದು ರಿಜಿಸ್ಟರ್ ಖಾನೆಗಳ ಕ್ರಮವನ್ನು.

ಎರಡನೇ ಸಾಲಿನ ಅಗತ್ಯ ಬೇರೆ. ಅಲ್ಲಿ ರಿಜಿಸ್ಟರುಗಳು ಎರಡೇ, ಆದರೆ ಮೈನಸ್ ಒಂದು ಎಂಬ ಸಂಖ್ಯೆ ಆದೇಶದೊಳಗೇ ಕೂರಬೇಕು. ಹೀಗೆ ಜೊತೆಯಲ್ಲೇ ಬರುವ ಸಂಖ್ಯೆಯನ್ನು ಇಮ್ಮೀಡಿಯೆಟ್ ಎನ್ನುತ್ತಾರೆ. ಐದು ಬಿಟ್‌ಗಳಲ್ಲಿ ಅದನ್ನು ಹಿಡಿಸಿದರೆ ತೀರ ಸಣ್ಣದಾಗುತ್ತದೆ. ಹಾಗಾಗಿ ಐ ಮಾದರಿಯಲ್ಲಿ rd, shamt, funct ಎಂಬ ಮೂರೂ ಖಾನೆಗಳ ಗೋಡೆ ಒಡೆದು, 16 ಬಿಟ್‌ಗಳ ಒಂದೇ ಜಾಗ ಮಾಡಿದ್ದಾರೆ. rd ಇಲ್ಲವಾದ್ದರಿಂದ ಉತ್ತರ rtಗೆ ಹೋಗುತ್ತದೆ. `addi`ಯ ಆಪ್‌ಕೋಡ್ 8. ಮೈನಸ್ ಒಂದನ್ನು 16 ಬಿಟ್‌ಗಳಲ್ಲಿ ಬರೆದರೆ ಎಲ್ಲವೂ ಒಂದುಗಳೇ:

```
001000 01001 01001 1111111111111111
= 0x2129FFFF
```

ಈ 16 ಬಿಟ್‌ಗಳಲ್ಲಿ ಮೈನಸ್ 32,768ರಿಂದ 32,767ರವರೆಗೆ ಮಾತ್ರ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಸಂಖ್ಯೆ ಬೇಕೆಂದರೆ ಎರಡು ಆದೇಶ ಬೇಕು: `lui` ಮೇಲಿನ ಅರ್ಧವನ್ನು ಇಡುತ್ತದೆ, `ori` ಕೆಳಗಿನ ಅರ್ಧವನ್ನು ಸೇರಿಸುತ್ತದೆ. `ori`ಯ ಜಾಗದಲ್ಲಿ `addiu` ಬಳಸಿದರೆ ಕೆಲವೊಮ್ಮೆ ಉತ್ತರ ಕೆಡುತ್ತದೆ. `0x12348765` ಬೇಕಿದ್ದವರಿಗೆ `0x12338765` ಸಿಗುತ್ತದೆ. ಕಾರಣವಿಷ್ಟೆ: `addiu` ತನ್ನ 16 ಬಿಟ್‌ಗಳ ಮೊದಲನೆಯದನ್ನು ಧನ, ಋಣದ ಗುರುತೆಂದು ಓದುತ್ತದೆ. `8765` ಆರಂಭವಾಗುವುದು ಒಂದರಿಂದ, ಆದ್ದರಿಂದ ಅದನ್ನು ಋಣಸಂಖ್ಯೆಯೆಂದು ತಿಳಿದು ಮೇಲಿನ ಅರ್ಧದಿಂದ ಒಂದನ್ನು ಕಳೆದುಬಿಡುತ್ತದೆ. `ori` ಹಾಗೆ ಓದುವುದಿಲ್ಲ, ಮುಂದೆ ಬರೀ ಸೊನ್ನೆಗಳನ್ನು ತುಂಬುತ್ತದೆ. ಮೇಲಿನ ಅರ್ಧ ಸರಿಯಾಗಿ ಒಂದರಷ್ಟು ಕಡಿಮೆ ಬಂದರೆ ಈ ತಪ್ಪೆಂದೇ ಗುರುತಿಸಬಹುದು.

ಮೂರನೇ ಸಾಲಿನ `bne` ಕೂಡ ಐ ಮಾದರಿಯದೇ, ಆಪ್‌ಕೋಡ್ 5. ಇಲ್ಲಿ 16 ಬಿಟ್‌ಗಳಲ್ಲಿ ಕೂರುವುದು ಹೋಗಬೇಕಾದ ವಿಳಾಸವಲ್ಲ, ಎಷ್ಟು ಆದೇಶ ಹಿಂದೆ ಅಥವಾ ಮುಂದೆ ಎಂಬ ದೂರ. ಆ ದೂರವನ್ನು ಅಳೆಯುವುದು `bne` ಸಾಲಿನಿಂದಲ್ಲ, ಅದರ ಮುಂದಿನ ಸಾಲಿನಿಂದ. ಪ್ರೊಸೆಸರ್ ಈ ಆದೇಶವನ್ನು ಓದುತ್ತಿರುವಾಗಲೇ ಅದರ ವಿಳಾಸದ ಲೆಕ್ಕ ನಾಲ್ಕು ಬೈಟ್ ಮುಂದಕ್ಕೆ ಸರಿದಿರುತ್ತದೆ. ಮುಂದಿನ ಸಾಲು `0x0040000C`ಯಲ್ಲಿದೆ, ಹೋಗಬೇಕಾದದ್ದು `0x00400000`ಗೆ. ಅಂದರೆ 12 ಬೈಟ್ ಹಿಂದೆ. ಒಂದೊಂದು ಆದೇಶ ನಾಲ್ಕು ಬೈಟ್, ಹಾಗಾಗಿ ದೂರ ಮೈನಸ್ ಮೂರು:

```
000101 01001 00000 1111111111111101
= 0x1520FFFD
```

ದೂರವನ್ನು `bne`ಯಿಂದಲೇ ಎಣಿಸಿ ಮೈನಸ್ ಎರಡು ಎಂದು ಬರೆದವರಿಗೆ ಬರುವ ಉತ್ತರ ಮೋಸಗೊಳಿಸುವಂಥದ್ದು. ನೆಗೆತ `add` ಸಾಲಿಗೆ ಹೋಗದೆ `addi` ಸಾಲಿಗೆ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಐದು ಕೂಡುತ್ತದೆ, ಉಳಿದ ಸುತ್ತುಗಳಲ್ಲಿ ಬರೀ ಕಳೆಯುವ ಕೆಲಸ ನಡೆಯುತ್ತದೆ. ಪ್ರೋಗ್ರಾಂ ನೆಟ್ಟಗೆ ಮುಗಿಯುತ್ತದೆ, ಯಾವ ದೂರೂ ಇಲ್ಲ, ಉತ್ತರ ಮಾತ್ರ 15ರ ಬದಲು 5. ನಿಂತುಹೋಗುವ ಪ್ರೋಗ್ರಾಮಿಗಿಂತ ಇದು ಹೆಚ್ಚು ಅಪಾಯಕಾರಿ.

ಉಳಿದದ್ದು `j`. ಅದಕ್ಕೆ ರಿಜಿಸ್ಟರ್ ಬೇಡ, ವಿಳಾಸವೊಂದೇ ಬೇಕು. ಆಪ್‌ಕೋಡಿನ ಆರು ಬಿಟ್ ತೆಗೆದರೆ ಉಳಿಯುವುದು 26. ಆದರೆ ವಿಳಾಸ 32 ಬಿಟ್‌ಗಳದ್ದು! ಆರು ಬಿಟ್‌ಗಳನ್ನು ಎಲ್ಲಿಂದಲೋ ಉಳಿಸಬೇಕು. ಆದೇಶಗಳೆಲ್ಲ ನಾಲ್ಕರಿಂದ ಭಾಗವಾಗುವ ವಿಳಾಸಗಳಲ್ಲೇ ಇರುವುದರಿಂದ ಕೊನೆಯ ಎರಡು ಬಿಟ್ ಯಾವಾಗಲೂ ಸೊನ್ನೆ, ಅವನ್ನು ಬರೆಯುವುದೇ ಬೇಡ. ಮೇಲ್ತುದಿಯ ನಾಲ್ಕು ಬಿಟ್‌ಗಳನ್ನು ಮುಂದಿನ ಸಾಲಿನ ವಿಳಾಸದಿಂದಲೇ ತೆಗೆದುಕೊಳ್ಳುತ್ತಾರೆ. ನಾಲ್ಕು, ಇಪ್ಪತ್ತಾರು, ಎರಡು, ಕೂಡಿದರೆ 32. `done` ಎಂಬ ಜಾಗ `0x00400040`ಯಲ್ಲಿದ್ದರೆ, ನಾಲ್ಕರಿಂದ ಭಾಗಿಸಿದಾಗ ಬರುವುದು `0x00100010`. `j`ಯ ಆಪ್‌ಕೋಡ್ 2 ಸೇರಿಸಿದರೆ ಪೂರ್ತಿ ಪದ `0x08100010`. ಮೇಲಿನ ನಾಲ್ಕು ಬಿಟ್‌ಗಳು ಕಡ ತಂದವಾದ್ದರಿಂದ ಈ ಆದೇಶ ತಾನಿರುವ 256 ಮೆಗಾಬೈಟ್ ವಲಯದ ಗಡಿ ದಾಟಲಾರದು. ದಾಟಬೇಕಾದರೆ ಪೂರ್ತಿ ವಿಳಾಸವನ್ನು ಒಂದು ರಿಜಿಸ್ಟರಿನಲ್ಲಿಟ್ಟು `jr` ಬಳಸಬೇಕು. ಹೆಸರಿನಲ್ಲಿ ಜಂಪ್ ಇದ್ದರೂ `jr` ಇರುವುದು ಆರ್ ಮಾದರಿಯಲ್ಲಿ, ಏಕೆಂದರೆ ಅದಕ್ಕೆ ಬೇಕಿರುವುದು ರಿಜಿಸ್ಟರ್.

ಇನ್ನು `nop`. ಸೊನ್ನೆಯೇ ತುಂಬಿರುವ `$zero` ರಿಜಿಸ್ಟರನ್ನು ಸೊನ್ನೆ ಸ್ಥಾನ ಸರಿಸಿ `$zero`ದಲ್ಲೇ ಇಡು ಎಂಬ ಆದೇಶ ಅದು. ಎಲ್ಲ ಖಾನೆಯಲ್ಲೂ ಸೊನ್ನೆ, ಪದವೂ `0x00000000`.

ಮೂರು ಮಾದರಿಗಳು ಸಾಲದೆ ಮಾಡಿಕೊಂಡ ಹೊಂದಾಣಿಕೆಯಂತೆ ಕಂಡರೂ ಇದರ ಹಿಂದೆ ವೇಗದ ಲೆಕ್ಕಾಚಾರವಿದೆ. ಪಿನ್‌ಕೋಡಿನ ಮೊದಲ ಅಂಕಿ 5 ಎಂದು ಕಂಡೊಡನೆ, ಊರಿನ ಹೆಸರು ಓದುವ ಮೊದಲೇ ಕಾಗದವನ್ನು ದಕ್ಷಿಣದ ಚೀಲಕ್ಕೆ ಹಾಕಬಹುದು. ಆ ಅಂಕಿಯ ಜಾಗ ಎಂದೂ ಬದಲಾಗುವುದಿಲ್ಲ ಎಂಬ ಭರವಸೆ ಇರುವುದರಿಂದ. ಮಿಪ್ಸ್‌ನಲ್ಲೂ ಆರ್ ಮತ್ತು ಐ ಮಾದರಿಗಳಲ್ಲಿ rs, rt ಖಾನೆಗಳು ಅದೇ ಜಾಗದಲ್ಲಿವೆ. ಆದ್ದರಿಂದ ಆದೇಶ ಯಾವುದೆಂದು ಬಿಡಿಸಿಕೊಳ್ಳುತ್ತಿರುವಾಗಲೇ ಪ್ರೊಸೆಸರ್ ಆ ಎರಡು ರಿಜಿಸ್ಟರುಗಳನ್ನು ಓದಿಟ್ಟುಕೊಳ್ಳುತ್ತದೆ. ಬೇಡವೆಂದು ತಿಳಿದರೆ ಬಿಟ್ಟರಾಯಿತು, ನಷ್ಟವೇನಿಲ್ಲ.

ಒಂದು ಖಾನೆ ಮಾತ್ರ ಈ ಭರವಸೆಯನ್ನು ಉಳಿಸಿಕೊಳ್ಳಲಿಲ್ಲ. ಉತ್ತರ ಎಲ್ಲಿಡಬೇಕು ಎಂಬುದು ಆರ್ ಮಾದರಿಯಲ್ಲಿ rd, ಐ ಮಾದರಿಯಲ್ಲಿ rt. ಇವೆರಡರಲ್ಲಿ ಒಂದನ್ನು ಆರಿಸಲು ಪ್ರೊಸೆಸರಿನೊಳಗೆ ಪ್ರತ್ಯೇಕ ಮಂಡಲವೊಂದು ಬೇಕಾಯಿತು. ಬರ್ಕ್ಲಿಯಲ್ಲಿ 2010ರಲ್ಲಿ ಶುರುವಾದ ರಿಸ್ಕ್-ಫೈವ್ ವಿನ್ಯಾಸ ಇದನ್ನು ತಿದ್ದಿತು. ಅಲ್ಲಿ ಉತ್ತರದ ರಿಜಿಸ್ಟರಿಗೂ ಒಂದೇ ಜಾಗ ಗೊತ್ತುಮಾಡಿ, ಅದಕ್ಕಾಗಿ ಇಮ್ಮೀಡಿಯೆಟ್ ಸಂಖ್ಯೆಯನ್ನೇ ಕೆಲವು ಮಾದರಿಗಳಲ್ಲಿ ತುಂಡು ತುಂಡಾಗಿ ಹಂಚಿದರು. ಕೈಯಿಂದ ಕಟ್ಟುವವರಿಗೆ ಅದು ಮಿಪ್ಸ್‌ಗಿಂತ ಕಷ್ಟ, ಆದರೆ ಬಿಟ್‌ಗಳನ್ನು ಜೋಡಿಸುವುದು ಅಸೆಂಬ್ಲರ್ ಒಮ್ಮೆ ಮಾಡುವ ಕೆಲಸ, ಓದುವುದು ಪ್ರೊಸೆಸರ್ ಕೋಟಿಗಟ್ಟಲೆ ಸಲ ಮಾಡುವ ಕೆಲಸ. ಹಾಗಾಗಿ ಹೊಸ ಏರ್ಪಾಡೇ ಸರಿ ಎಂಬುದು ನನ್ನ ನಿಲುವು. ಮದರಾಸು ಐಐಟಿಯ ಶಕ್ತಿ ಪ್ರೊಸೆಸರುಗಳು ಇದೇ ರಿಸ್ಕ್-ಫೈವ್ ಅನ್ನು ಅನುಸರಿಸುತ್ತವೆ. ಮಿಪ್ಸ್ ಹೆಸರಿನ ಕಂಪನಿ ಕೂಡ 2021ರಲ್ಲಿ ತನ್ನ ಮುಂದಿನ ಪ್ರೊಸೆಸರುಗಳನ್ನು ರಿಸ್ಕ್-ಫೈವ್ ವಿನ್ಯಾಸದಲ್ಲೇ ಮಾಡುವುದಾಗಿ ತಿಳಿಸಿತು.