ಗುಟ್ಟು ಬಿಡದ ರೆಸ್ಯೂಮೆ

ನಾನು ಸೈಬರ್ ಭದ್ರತಾ ವಿಶ್ಲೇಷಕಿ. ಕಂಪನಿಯ ಗುಟ್ಟು ಬಿಟ್ಟುಕೊಡದೆ, ನಿಭಾಯಿಸಿದ ದಾಳಿಗಳನ್ನು ರೆಸ್ಯೂಮೆಯಲ್ಲಿ ಬರೆಯುವುದು ಹೇಗೆ?

ವೈದ್ಯರು ರೋಗವನ್ನೂ ಚಿಕಿತ್ಸೆಯನ್ನೂ ವಿವರಿಸುತ್ತಾರೆ, ರೋಗಿಯ ಹೆಸರು ಹೇಳುವುದಿಲ್ಲ. ನೀವೂ ಹಾಗೇ ಮಾಡಿ.

‘ನಮ್ಮ ಬ್ಯಾಂಕಿನ ಹಳೆಯ ವಿಪಿಎನ್ ಮೂಲಕ ನುಗ್ಗಿದವರನ್ನು ಹಿಡಿದೆ’ ಎಂದರೆ ಬಾಗಿಲು ಎಲ್ಲಿ ಸಡಿಲವೆಂದು ಸಾರಿದಂತೆ. ಬದಲಿಗೆ ಹೀಗೆ ಬರೆಯಿರಿ: ‘ಕದ್ದ ಪಾಸ್‌ವರ್ಡಿನಿಂದಾದ ಲಾಗಿನ್ ಗುರುತಿಸಿದೆ, ಖಾತೆ ತಡೆಹಿಡಿದು, ಲಾಗ್‌ಗಳಿಂದ ಘಟನಾಕ್ರಮ ಕಟ್ಟಿ, ಅಂಥದ್ದೇ ಲಾಗಿನ್ ಹಿಡಿಯುವ ಹೊಸ ಎಚ್ಚರಿಕೆ ನಿಯಮ ಬರೆದೆ.’ ಕೆಲಸ ಪೂರ್ತಿ ಕಾಣುತ್ತದೆ, ಜಾಗ ಕಾಣುವುದಿಲ್ಲ.

ಹೆಚ್ಚಿನವರು ಎಡವುವುದು ಉಪಕರಣಗಳ ವಿಷಯದಲ್ಲಿ. ಸ್ಪ್ಲಂಕ್ ಗೊತ್ತೆನ್ನುವುದು ತಪ್ಪಲ್ಲ. ಆದರೆ ಕಂಪನಿಯ ಹೆಸರಿನ ಕೆಳಗೇ ಉಪಕರಣ, ಅದರ ಆವೃತ್ತಿ, ಕಾವಲು ತಂಡದ ಪಾಳಿ ಎಲ್ಲ ಸೇರಿದರೆ ದಾಳಿಕೋರನಿಗೆ ನಕ್ಷೆಯೇ ಸಿಕ್ಕಿತು. ರೆಸ್ಯೂಮೆಗಳನ್ನು ಅವನೂ ಓದುತ್ತಾನೆ! ಉಪಕರಣಗಳನ್ನು ‘ಕೌಶಲ’ ವಿಭಾಗಕ್ಕೆ ಸರಿಸಿ, ಆವೃತ್ತಿ ಬಿಡಿ. ಐಪಿ ವಿಳಾಸ, ಸರ್ವರ್ ಹೆಸರು, ಗ್ರಾಹಕರ ಹೆಸರು ಎಲ್ಲಿಯೂ ಬೇಡ. ಮುಚ್ಚದ ದೋಷವಿದ್ದರೆ ಅದರ ಸುಳಿವೂ ಸಲ್ಲದು.

ಪ್ರಮಾಣಪತ್ರಗಳು ಬಹಿರಂಗ ಮಾಹಿತಿ, ಧಾರಾಳವಾಗಿ ಬರೆಯಿರಿ. ಸೆಕ್ಯುರಿಟಿ ಪ್ಲಸ್‌ನಂಥವು 3 ವರ್ಷಕ್ಕೆ ಮುಗಿಯುವುದರಿಂದ ಪಡೆದ ವರ್ಷವೂ ಇರಲಿ.

ಸಂದರ್ಶನದಲ್ಲಿ ಒತ್ತಾಯಿಸಿದರೆ, ಗೋಪ್ಯತಾ ಒಪ್ಪಂದವಿದೆ ಎನ್ನಿ. ಒಳ್ಳೆಯ ಸಂದರ್ಶಕ ಅದಕ್ಕೂ ಅಂಕ ಕೊಡುತ್ತಾನೆ.