ಹಾಲು ಉಕ್ಕುವ ಹೊತ್ತು, ಊಟದ ಹೊತ್ತು

ಗೃಹಪ್ರವೇಶದ ಮೆಸೇಜು ತಲುಪಿದ ಮೇಲೆ ಹೆಚ್ಚಿನವರ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ‘ನಾವು ಎಷ್ಟು ಹೊತ್ತಿಗೆ ಹೋಗಬೇಕು?’ ಮುಹೂರ್ತ ಬ್ರಾಹ್ಮೀ ಮುಹೂರ್ತದಲ್ಲಿರುತ್ತದೆ, ಊಟ ಮಧ್ಯಾಹ್ನ. ಅಚ್ಚುಹಾಕಿಸಿದ ಪತ್ರಿಕೆಯಲ್ಲಿ ಸಂವತ್ಸರ, ಮಾಸ, ತಿಥಿ, ನಕ್ಷತ್ರ, ಲಗ್ನ ಎಲ್ಲವೂ ಇರಲಿ, ಅದು ಅದರ ಲಕ್ಷಣ. ಫೋನಿಗೆ ಕಳಿಸುವ ನಾಲ್ಕು ಸಾಲಿನಲ್ಲಿ ಮಾತ್ರ ಈ ಪ್ರಶ್ನೆಗೆ ಉತ್ತರವಿರಲೇಬೇಕು. ‘ಬೆಳಗಿನ ಜಾವ’ ಎಂದು ಬರೆಯದೆ ಬರೀ 4.30 ಎಂದರೆ ಕೆಲವರು ಸಂಜೆಗೆ ಬರುತ್ತಾರೆ!

ನೆಂಟರಿಗೆ ಹೀಗೆ ಬರೆಯಬಹುದು:

‘ನಮಸ್ಕಾರ. ದೇವರ ದಯೆ, ಹಿರಿಯರ ಆಶೀರ್ವಾದದಿಂದ ನಮ್ಮ ಹೊಸ ಮನೆ ಮುಗಿದಿದೆ. ಫೆಬ್ರವರಿ 6, ಶುಕ್ರವಾರ ಗೃಹಪ್ರವೇಶ. ಬೆಳಗಿನ ಜಾವ 5.10ಕ್ಕೆ ಹಾಲು ಉಕ್ಕಿಸುತ್ತೇವೆ. 11ಕ್ಕೆ ಸತ್ಯನಾರಾಯಣ ಪೂಜೆ, 12.30ರಿಂದ ಊಟ. ಅಷ್ಟು ಬೇಗ ಬರಲಾಗದಿದ್ದರೆ ಪೂಜೆಯ ಹೊತ್ತಿಗಾದರೂ ಮನೆಮಂದಿಯೆಲ್ಲ ಬನ್ನಿ. ಗಣಪತಿ ದೇವಸ್ಥಾನದ ಹಿಂದಿನ ರಸ್ತೆ, ಎಡಗಡೆ ಮೂರನೇ ಮನೆ.’

ಕೆಳಗೆ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ಹೆಂಡತಿಯ ತವರಿನ ಕಡೆಯ ಎಷ್ಟೋ ಮಂದಿಗೆ ಅಳಿಯನ ನಂಬರೇ ಗೊತ್ತಿರುವುದಿಲ್ಲ. ಮ್ಯಾಪಿನ ಲಿಂಕ್ ಹಾಕಿದರೂ ದೇವಸ್ಥಾನದ ಗುರುತು ತೆಗೆಯಬೇಡಿ. ಹೊಸ ಬಡಾವಣೆಗಳಲ್ಲಿ ಮ್ಯಾಪು ಪಕ್ಕದ ರಸ್ತೆಗೆ ಕರೆದೊಯ್ದು ನಿಲ್ಲಿಸುವುದುಂಟು.

ಇದೇ ಮೆಸೇಜನ್ನು ಹೊಸ ಮನೆಯ ಅಕ್ಕಪಕ್ಕದವರಿಗೆ ಕಳಿಸುವುದು ಸರಿಯಲ್ಲ. ಅವರಿಗೆ ನಿಮ್ಮ ಹೆಸರು ಗೊತ್ತಿಲ್ಲ. ಗೊತ್ತಿರುವುದು ನಿಮ್ಮ ಮರಳು, ಜಲ್ಲಿ, ಟೈಲ್ಸ್ ಕೊಯ್ಯುವ ಸದ್ದು. ಆದ್ದರಿಂದ ಅಲ್ಲಿಂದಲೇ ಶುರುಮಾಡಿ:

‘ನಿಮ್ಮ ರಸ್ತೆಯಲ್ಲಿ ಹೊಸದಾಗಿ ಮನೆ ಕಟ್ಟಿಸಿದವರು ನಾವು. ಇಷ್ಟು ದಿನ ಧೂಳು, ಸದ್ದು ಎಲ್ಲವನ್ನೂ ಸಹಿಸಿಕೊಂಡಿದ್ದೀರಿ. ಶುಕ್ರವಾರ ಗೃಹಪ್ರವೇಶ. 12.30ಕ್ಕೆ ಎಲ್ಲರೂ ನಮ್ಮಲ್ಲೇ ಊಟಕ್ಕೆ ಬನ್ನಿ. ಗುರುವಾರ ರಾತ್ರಿ ವಾಸ್ತು ಹೋಮವಿದೆ, ಸ್ವಲ್ಪ ಗದ್ದಲವಾಗಬಹುದು.’

ಇದನ್ನು ಫೋನಿಗೆ ಕಳಿಸುವುದಕ್ಕಿಂತ ಗೇಟಿನ ಹತ್ತಿರ ನಿಂತು ಬಾಯಲ್ಲೇ ಹೇಳಿದರೆ ಇನ್ನೂ ಚೆಂದ. ಹಳೆಯ ಬಾಡಿಗೆ ಮನೆಯ ನೆರೆಯವರು ನೆಂಟರಿದ್ದಂತೆ, ಅವರಿಗೆ ಮೊದಲನೆಯದೇ ಸಾಕು.

ದೊಡ್ಡಪ್ಪ, ಸೋದರತ್ತೆಯಂಥ ಹಿರಿಯರಿಗೆ ಮಾತ್ರ ಮೆಸೇಜು ಮೊದಲು ಹೋಗಬಾರದು. ಹೋಗಿ ಕುಂಕುಮ ಅಕ್ಷತೆ ಕೊಟ್ಟು ಕರೆಯಿರಿ. ದೂರದವರಾದರೆ ಫೋನು ಮಾಡಿ, ಆಮೇಲೆ ಮೆಸೇಜು ಕಳಿಸಿ. ಫ್ಯಾಮಿಲಿ ಗ್ರೂಪಿಗೆ ಹಾಕಿ ಕೈತೊಳೆದುಕೊಂಡರೆ ‘ನಮ್ಮನ್ನು ಕರೆದೇ ಇಲ್ಲ’ ಎಂಬ ಮಾತು ಬಂದೇ ಬರುತ್ತದೆ, ಮತ್ತು ಅದು ನ್ಯಾಯವಾದ ಮಾತೇ.

ಅಡುಗೆಯವರು ಎರಡು ದಿನ ಮೊದಲೇ ಎಷ್ಟು ಎಲೆ ಎಂದು ಕೇಳುತ್ತಾರೆ. ಅದಕ್ಕಾಗಿ ‘ಎಷ್ಟು ಜನ ಬರುತ್ತೀರಿ ತಿಳಿಸಿ’ ಎಂದು ಮೆಸೇಜಿನಲ್ಲಿ ಬರೆಯಬೇಡಿ, ನಮ್ಮ ಕಡೆ ಅದು ಒರಟಾಗಿ ಕೇಳಿಸುತ್ತದೆ. ಬುಧವಾರ ನೆನಪಿಸಲು ಫೋನು ಮಾಡಿದಾಗ ‘ಮಕ್ಕಳಿಗೆ ರಜಾ ಹಾಕಿಸಿದ್ದೀರಿ ತಾನೇ?’ ಎಂದು ಕೇಳಿ, ಲೆಕ್ಕ ತಾನಾಗಿ ಸಿಗುತ್ತದೆ.